ಡಿಸ್ಚಾರ್ಜ್ ಕಾರ್ಡಿನಲ್ಲಿ ಇಲ್ಲದ ರಾತ್ರಿ

ಅವ್ವನ ಡಿಸ್ಚಾರ್ಜ್ ಕಾರ್ಡ್ ಎರಡು ಪುಟ ಇದೆ. ಬಲ ಸೊಂಟದ ಮೂಳೆ ಮುರಿದದ್ದು, ಆಪರೇಷನ್ ಆದ ತಾರೀಕು, ಬೆನ್ನಿಗೆ ಕೊಟ್ಟ ಅರಿವಳಿಕೆ, ಒಳಗೆ ಕೂರಿಸಿದ ಲೋಹದ ಗುಂಡಿನ ಅಳತೆ, ಮಾತ್ರೆಗಳ ಪಟ್ಟಿ ಎಲ್ಲ ಇದೆ. ಎರಡನೇ ಪುಟದ ಮಧ್ಯದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಆಪರೇಷನ್ ಆದ ಎರಡನೇ ರಾತ್ರಿ ರೋಗಿಗೆ ಗೊಂದಲ ಇತ್ತು, ಬೆಳಿಗ್ಗೆ ಹೊತ್ತಿಗೆ ಕಮ್ಮಿ ಆಯಿತು, ಅಷ್ಟೇ. ಆರು ವಾರದ ಚೆಕಪ್‌ಗೆ ಹೋಗೋಕೆ ಫೈಲ್ ತೆಗೆದಾಗ ಆ ಸಾಲು ಕಣ್ಣಿಗೆ ಬಿತ್ತು. ಕಮ್ಮಿ ಆಗಿದ್ದು ಹೇಗೆ ಅಂತ ನನಗೆ ಗೊತ್ತು. ಬಾಗಿಲ ಹತ್ತಿರ ಕೂತು ನೋಡಿದ್ದೇನೆ. ಅದನ್ನು ಬರೆದಿಡಬೇಕು ಅನ್ನಿಸಿತು.

ಅವ್ವನಿಗೆ 76 ವರ್ಷ. ಹುಣಸೂರು ಕಡೆಯ ಹಳ್ಳಿ ನಮ್ಮದು. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಕಾಲು ಜಾರಿ ಬಿದ್ದರು. ಎದ್ದು ನಿಲ್ಲೋಕೆ ಆಗಲಿಲ್ಲ, ಬಲಗಾಲು ಹೊರಗಡೆ ತಿರುಗಿಕೊಂಡು ಸ್ವಲ್ಪ ಗಿಡ್ಡ ಆದ ಹಾಗೆ ಕಾಣುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರ್, ತೊಡೆ ಮೂಳೆಯ ಕುತ್ತಿಗೆ ಮುರಿದಿದೆ, ಈ ವಯಸ್ಸಿಗೆ ಅದು ತಾನಾಗೇ ಕೂಡಿಕೊಳ್ಳೋದು ಕಷ್ಟ, ಮೇಲಿನ ಗುಂಡು ತೆಗೆದು ಲೋಹದ್ದು ಹಾಕುತ್ತೇವೆ ಅಂದರು. ಇಂಥವರನ್ನು ತಿಂಗಳುಗಟ್ಟಲೆ ಮಲಗಿಸಿದರೆ ಮೂಳೆಗಿಂತ ಮಲಗಿದ್ದೇ ಅಪಾಯ. ಬೆನ್ನು ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಬೇಗ ಆಪರೇಷನ್ ಮಾಡಿ ಬೇಗ ನಿಲ್ಲಿಸೋದೇ ಚಿಕಿತ್ಸೆ. ಆಪರೇಷನ್ ಚೆನ್ನಾಗೇ ಆಯಿತು. ಮೊದಲ ರಾತ್ರಿ ಅವರನ್ನು ಬೇರೆ ರೂಮಿನಲ್ಲಿ ಇಟ್ಟುಕೊಂಡು ನೋಡಿಕೊಂಡರು, ಮಾರನೇ ದಿನ ಮಹಿಳೆಯರ ಜನರಲ್ ವಾರ್ಡಿಗೆ ತಂದರು.

ಅಲ್ಲಿ ಒಂದು ನಿಯಮ. ರಾತ್ರಿ ಎಂಟರ ಮೇಲೆ ಗಂಡಸರು ಒಳಗೆ ಇರೋ ಹಾಗಿಲ್ಲ. ಸರಿಯಾದ ನಿಯಮವೇ, ಮೂವತ್ತು ಹೆಂಗಸರು ಮಲಗಿರೋ ಕಡೆ ನಾನು ಯಾಕೆ ಇರಬೇಕು. ಆದರೆ ಆ ರಾತ್ರಿ ಅವ್ವನ ಹತ್ತಿರ ಇರೋಕೆ ನಮ್ಮ ಮನೆಯ ಹೆಂಗಸರು ಯಾರೂ ಇರಲಿಲ್ಲ. ಹೆಂಡತಿ ಎರಡು ರಾತ್ರಿ ನಿದ್ದೆಗೆಟ್ಟು ಜ್ವರ ಬಂದು ಮನೆಗೆ ಹೋಗಿದ್ದಳು, ತಂಗಿ ಬೆಳಗಾವಿಯಿಂದ ಬಸ್ಸಿನಲ್ಲಿದ್ದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಅವ್ವನ ಮಂಚ ಬಾಗಿಲಿನಿಂದ ಎರಡನೆಯದು, ಬಾಗಿಲು ಅರ್ಧ ತೆರೆದೇ ಇರುತ್ತಿತ್ತು, ಕಾಲಿನ ಕಡೆ ಅರ್ಧ ಮಂಚ ಕಾಣುತ್ತಿತ್ತು.

ನೈಟ್ ಡ್ಯೂಟಿಗೆ ಇಬ್ಬರು ಸಿಸ್ಟರ್, ಒಬ್ಬರು ಆಯಾ. ಅಷ್ಟೇ ಜನ. ಆ ಆಯಾ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಾನು ಕರೆಯುತ್ತಿದ್ದ ಹಾಗೆ ಅಕ್ಕ ಅಂತಲೇ ಬರೆಯುತ್ತೇನೆ. ಐವತ್ತರ ಆಸುಪಾಸು. ಏಜೆನ್ಸಿ ಮೂಲಕ ಕೆಲಸಕ್ಕೆ ಬಂದವರು, ಸಂಜೆ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ. ಬೆಡ್‌ಪ್ಯಾನ್ ಕೊಡೋದು, ಬಟ್ಟೆ ಬದಲಿಸೋದು, ಯೂರಿನ್ ಬ್ಯಾಗ್ ಖಾಲಿ ಮಾಡೋದು, ಸ್ಟ್ರೆಚರ್ ತಳ್ಳೋದು, ವಾಂತಿ ಒರೆಸೋದು ಎಲ್ಲ ಅವರದೇ. ಇಂಜೆಕ್ಷನ್, ಡ್ರಿಪ್, ಮಾತ್ರೆ ಯಾವುದನ್ನೂ ಅವರು ಮುಟ್ಟೋ ಹಾಗಿಲ್ಲ. ಇದು ನೆನಪಿರಲಿ, ಮುಂದೆ ಬರುತ್ತೆ.

ಒಂಬತ್ತು ಗಂಟೆಗೆ ಅವ್ವನನ್ನು ಮಗ್ಗುಲು ಬದಲಿಸಬೇಕಿತ್ತು. ಎರಡು ಗಂಟೆಗೊಮ್ಮೆ ಮಾಡಬೇಕಾದ ಕೆಲಸ ಅದು. ಸಂಜೆ ನಾನೂ ಹೆಂಡತಿಯೂ ಸೇರಿ ಒಮ್ಮೆ ಮಾಡಿದ್ದೆವು, ಕಂಕುಳಲ್ಲಿ ಕೈ ಹಾಕಿ ಮೇಲಕ್ಕೆ ಎಳೆದಿದ್ದೆವು, ಅವ್ವ ಕಿರುಚಿದ್ದರು. ಅಕ್ಕ ಮಾಡಿದ ರೀತಿಯೇ ಬೇರೆ. ಒಂದು ಬೆಡ್‌ಶೀಟನ್ನು ಅರ್ಧಕ್ಕೆ ಮಡಿಚಿ, ಭುಜದಿಂದ ತೊಡೆವರೆಗೆ ಬರೋ ಹಾಗೆ ಅವ್ವನ ಕೆಳಗೆ ಹಾಸಿಟ್ಟಿದ್ದರು. ಪಕ್ಕದ ಮಂಚದ ಅಜ್ಜಿಯ ಮಗಳನ್ನು ಕರೆದು, ಆ ಕಡೆ ಅಂಚು ಸುತ್ತಿ ಹಿಡಿ ಅಂದರು. ಒಂದು, ಎರಡು, ಮೂರು ಅಂದು ಇಬ್ಬರೂ ಶೀಟಿನ ಸಮೇತ ಅವ್ವನನ್ನು ಎತ್ತಿ ಮೇಲಕ್ಕೆ ಸರಿಸಿದರು. ಅವ್ವ ಉಸಿರೂ ಬಿಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅಲ್ಲಿಂದಲೇ ಹೇಳಿದರು.

"ಎಳೀಬಾರ್ದು ಸಾರ್, ಎತ್ತಬೇಕು. ವಯಸ್ಸಾದೋರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂಗೆ. ಎಳುದ್ರೆ ಸುಲ್ಕಂಡೇ ಬರ್ತದೆ."

ಆಮೇಲೆ ಮಂಡಿಗಳ ಮಧ್ಯೆ ಒಂದು ದಿಂಬು ಇಟ್ಟು, ಎರಡೂ ಕಾಲನ್ನು ಒಟ್ಟಿಗೆ ಹಿಡಿದು, ಆಪರೇಷನ್ ಆಗದ ಎಡ ಮಗ್ಗುಲಿಗೆ ಸ್ವಲ್ಪವೇ ವಾಲಿಸಿದರು. ಹೊಸ ಗುಂಡು ಹಾಕಿದ ಕಾಲು ಇನ್ನೊಂದು ಕಾಲಿನ ಮೇಲೆ ದಾಟಿ ಬಿದ್ದರೆ ಗುಂಡು ಗೂಡಿನಿಂದ ಆಚೆ ಬಂದುಬಿಡಬಹುದು, ಅದಕ್ಕೆ ಆ ದಿಂಬು. ಮೊಬೈಲ್ ಟಾರ್ಚ್ ಹಿಡಿದು ಬೆನ್ನಿನ ಕೆಳಗಿನ ಮೂಳೆ ಹತ್ತಿರ ನೋಡಿದರು. ರೂಪಾಯಿ ಅಗಲದ ಒಂದು ಕೆಂಪು ಮಚ್ಚೆ ಇತ್ತಂತೆ. ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದಾಗ ಬೆಳ್ಳಗಾಗಿ ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ, ಭಾರ ತೆಗೆದರೆ ಸರಿಹೋಗುತ್ತೆ. ಒತ್ತಿದರೂ ಕೆಂಪು ಹೋಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಅಂತ ಲೆಕ್ಕ. ಅವ್ವನದು ಬೆಳ್ಳಗಾಯಿತು. ಆದರೂ ಸಿಸ್ಟರ್‌ಗೆ ಹೋಗಿ ಹೇಳಿ ಬಂದರು. ಕೊನೆಗೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು ಕೊಟ್ಟು, ಹಿಮ್ಮಡಿ ಮತ್ತು ಹಾಸಿಗೆಯ ಮಧ್ಯೆ ತಮ್ಮ ಅಂಗೈ ತೂರಿಸಿ ನೋಡಿದರು. ಅಂಗೈ ಸರಾಗವಾಗಿ ಈ ಕಡೆಯಿಂದ ಆ ಕಡೆ ಹೋಯಿತು. ಹಿಮ್ಮಡಿ ಹಾಸಿಗೆಗೆ ತಾಗಬಾರದು, ಅಲ್ಲೂ ಹುಣ್ಣಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹನ್ನೊಂದೂವರೆ ಸುಮಾರಿಗೆ ಶುರುವಾಯಿತು.

ಮೊದಲು ಹೊದಿಕೆ ಕೀಳುವ ಸದ್ದು. ಆಮೇಲೆ ಅವ್ವನ ಧ್ವನಿ. ನಮ್ಮ ದೊಡ್ಡಮ್ಮನ ಹೆಸರು ಹಿಡಿದು ಕೂಗುತ್ತಿದ್ದರು. ದೊಡ್ಡಮ್ಮ ತೀರಿಕೊಂಡು ವರ್ಷಗಳಾಗಿವೆ. ಹೊತ್ತು ಮುಳುಗ್ತಾ ಐತೆ, ಹಸ ಕಟ್ಟಬೇಕು, ಬಿಡಿ ನನ್ನ ಅಂತ ಎದ್ದು ಕೂರೋಕೆ ನೋಡುತ್ತಿದ್ದರು. ಎಡಗೈಯಲ್ಲಿದ್ದ ಡ್ರಿಪ್ ಸೂಜಿಯನ್ನು ಬಲಗೈಯಿಂದ ಕೀಳುತ್ತಿದ್ದರು. ಸಂಜೆ ತಾನೇ ನನ್ನ ಮಗಳ ಪರೀಕ್ಷೆ ಬಗ್ಗೆ ಕೇಳಿದ್ದ ಅವ್ವ ಇವರೇನಾ ಅಂತ ನನ್ನ ಕೈಕಾಲು ತಣ್ಣಗಾಯಿತು. ತಲೆಗೂ ಪೆಟ್ಟಾಗಿದೆಯಾ, ಅರಿವಳಿಕೆಯಿಂದ ಬುದ್ಧಿ ಹೋಯಿತಾ, ಇನ್ನು ಹೀಗೇನಾ ಅಂತೆಲ್ಲ ತಲೆಯಲ್ಲಿ ಓಡಿತು.

ಮಾರನೇ ದಿನ ಡಾಕ್ಟರ್ ಹೇಳಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ಹೆದರೋರಿಗೆ ಉಪಯೋಗ ಆಗಲಿ. ಇದಕ್ಕೆ ಡಿಲೀರಿಯಂ ಅಂತಾರೆ. ವಯಸ್ಸಾದವರಲ್ಲಿ ಸೊಂಟದ ಮೂಳೆ ಆಪರೇಷನ್ ಆದ ಮೇಲೆ ಇದು ತುಂಬಾ ಸಾಮಾನ್ಯ, ಹೆಚ್ಚಾಗಿ ಮೊದಲ ಎರಡು ಮೂರು ದಿನದಲ್ಲಿ ಕಾಣಿಸಿಕೊಳ್ಳುತ್ತೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುತ್ತೆ, ಇದು ಗಂಟೆಗಳಲ್ಲಿ ಬರುತ್ತೆ. ಹಗಲು ಸರಿ ಇದ್ದವರು ರಾತ್ರಿ ಕೆಡುತ್ತಾರೆ, ಮತ್ತೆ ಸರಿಯಾಗುತ್ತಾರೆ. ನೋವು, ನಿದ್ದೆಗೇಡು, ಸೋಂಕು, ರಕ್ತದಲ್ಲಿ ಉಪ್ಪಿನ ಅಂಶ ಕಮ್ಮಿ ಆಗೋದು, ಮಲ ಮೂತ್ರ ಕಟ್ಟೋದು, ಕಣ್ಣು ಕಿವಿ ಕೆಲಸ ಮಾಡದೆ ಎಲ್ಲಿದ್ದೇವೆ ಅಂತಲೇ ತಿಳಿಯದಿರೋದು, ಹೀಗೆ ಹಿಂದೆ ಏನಾದರೂ ಕಾರಣ ಇದ್ದೇ ಇರುತ್ತೆ. ಕಾರಣ ಹುಡುಕೋದೇ ಮೊದಲ ಕೆಲಸ.

ಆ ರಾತ್ರಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಸಿಸ್ಟರ್ ಓಡಿ ಬಂದರು. ಇನ್ನೊಂದು ತುದಿಯಲ್ಲಿ ಯಾರಿಗೋ ರಕ್ತ ಹಾಕುತ್ತಿದ್ದರು, ಅವರನ್ನು ಬಿಟ್ಟು ಬಂದಿದ್ದರು. ಸೂಜಿ ಕಿತ್ತುಕೊಂಡರೆ, ಮಂಚದಿಂದ ಇಳಿಯೋಕೆ ಹೋಗಿ ಬಿದ್ದರೆ ಅಂತ ಅವರಿಗೂ ಭಯ. ಕೈ ಕಟ್ಟಬೇಕಾಗುತ್ತೆ, ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ ನಿದ್ದೆ ಇಂಜೆಕ್ಷನ್ ಕೇಳುತ್ತೇನೆ ಅಂದರು. ಅವರನ್ನು ನಾನು ದೂರೋದಿಲ್ಲ. ಇಬ್ಬರೇ ಮೂವತ್ತು ಜನರನ್ನು ನೋಡಿಕೊಳ್ಳಬೇಕು ಅಂದರೆ ಯಾರಿಗೇ ಆದರೂ ಅದೇ ದಾರಿ ಹೊಳೆಯೋದು.

ಅಕ್ಕ ಅಂದರು, "ಸಿಸ್ಟರ್, ಅರ್ಧ ಗಂಟೆ ಕೊಡಿ. ನಾನು ಇಲ್ಲೇ ಕೂತ್ಕೋತೀನಿ. ಆಗ್ನಿಲ್ಲ ಅಂದ್ರೆ ಕಟ್ಟಿ."

ಸಿಸ್ಟರ್ ಒಂದು ಕ್ಷಣ ನೋಡಿ, ಸರಿ, ಅಲ್ಲಾಡಬೇಡ ಅಲ್ಲಿಂದ ಅಂದು, ಡ್ರಿಪ್ ಇದ್ದ ಕೈಗೆ ಮೆತ್ತಗೆ ಬ್ಯಾಂಡೇಜ್ ಸುತ್ತಿ ಸೂಜಿ ಕಾಣದ ಹಾಗೆ ಮಾಡಿ ಹೋದರು.

ಅಕ್ಕ ಸ್ಟೂಲ್ ಎಳೆದುಕೊಂಡು ಅವ್ವನ ಮುಖದ ನೇರಕ್ಕೆ ಕೂತರು. ನಾನು ಆಗಿದ್ದರೆ, ಯಾವ ಹಸ ಅವ್ವ, ಹಸ ಮಾರಿ ಹತ್ತು ವರ್ಷ ಆಯ್ತು, ದೊಡ್ಡಮ್ಮ ಇಲ್ಲ, ಮಲಗು ಸುಮ್ನೆ ಅಂತ ಜೋರು ಮಾಡುತ್ತಿದ್ದೆ. ಖಂಡಿತ ಹಾಗೇ ಮಾಡುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಹಸ ಯಾವ ಬಣ್ಣ ಅವ್ವ?"

ಅವ್ವ ಕೈ ಎಳೆಯೋದು ನಿಲ್ಲಿಸಿದರು. "ಕೆಂದ."

"ಹಾಲು ಎಷ್ಟು ಕೊಡ್ತದೆ?"

"ಹೊತ್ತಿಗೆ ಮೂರು ಲೀಟ್ರು. ಒದೀತದೆ ಮುಂಡೇದು."

"ಒದ್ರೆ ಏನ್ ಮಾಡ್ತೀರಿ?"

ಅವ್ವ ಹೇಳತೊಡಗಿದರು. ಹೇಗೆ ಹಿಂಗಾಲಿಗೆ ಹಗ್ಗ ಹಾಕೋದು, ಕರುವನ್ನು ಯಾವ ಕಡೆ ಕಟ್ಟೋದು. ಮಧ್ಯೆ ಮಧ್ಯೆ ಅಕ್ಕ ಒಂದೇ ಮಾತನ್ನು ಮೆಲ್ಲಗೆ ಸೇರಿಸುತ್ತಿದ್ದರು. "ಇದು ಆಸ್ಪತ್ರೆ ಕಣವ್ವ, ಮೈಸೂರು. ಬಿದ್ದು ಕಾಲು ಮುರ್ದಿತ್ತು, ಸರಿ ಮಾಡವ್ರೆ. ಈಗ ರಾತ್ರಿ. ಮಗ ಆಚೆ ಕೂತವ್ನೆ." ಮತ್ತೆ ಹಸುವಿನ ಮಾತು. ಸುಳ್ಳೂ ಹೇಳಲಿಲ್ಲ, ವಾದವನ್ನೂ ಮಾಡಲಿಲ್ಲ. ಅವ್ವನ ಬಲಗೈ ಸುಮ್ಮನಿರುತ್ತಿಲ್ಲ ಅಂತ ಕಂಡು ಒಂದು ಟವಲ್ ಕೊಟ್ಟು, ಇದೊಂದು ಮಡಿಚಿಕೊಡಿ ಅವ್ವ ಅಂದರು. ಅವ್ವ ಮಡಿಚಿದರು. ಅಕ್ಕ ಬಿಚ್ಚಿ ಮತ್ತೆ ಕೊಟ್ಟರು. ನಮ್ಮವ್ವ ಜೀವಮಾನವೆಲ್ಲ ಬಟ್ಟೆ ಮಡಿಚಿದ ಕೈ, ಅದಕ್ಕೆ ಕೆಲಸ ಸಿಕ್ಕಿದ ಮೇಲೆ ಸೂಜಿ ಕಡೆ ಹೋಗಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಪಕ್ಕದ ಮಂಚದ ಹುಡುಗಿಯನ್ನು ಸ್ಟೂಲ್ ಮೇಲೆ ಕೂರಿಸಿ ಬಾಗಿಲಿಗೆ ಬಂದರು.

"ಸಾರ್, ಅವ್ವಂಗೆ ಕನ್ನಡಕ ಇತ್ತಾ? ಕಿವಿಗೆ ಮಿಷಿನ್ ಏನಾದ್ರೂ?"

ಇತ್ತು. ಎರಡೂ ನನ್ನ ಬ್ಯಾಗಿನಲ್ಲಿತ್ತು. ಜನರಲ್ ವಾರ್ಡಿನಲ್ಲಿ ಕಳೆದುಹೋದರೆ ಅಂತ ನಾನೇ ಆಪರೇಷನ್ ದಿನ ತೆಗೆದಿಟ್ಟಿದ್ದೆ, ವಾಪಸ್ ಕೊಡಬೇಕು ಅನ್ನೋದು ತಲೆಗೇ ಬಂದಿರಲಿಲ್ಲ. ಎರಡು ದಿನದಿಂದ ಅವ್ವನಿಗೆ ಯಾರ ಮುಖವೂ ಸರಿಯಾಗಿ ಕಂಡಿಲ್ಲ, ಯಾರ ಮಾತೂ ಸರಿಯಾಗಿ ಕೇಳಿಲ್ಲ. ಗೊತ್ತಿಲ್ಲದ ಜಾಗ, ಮಸುಕು ಮಸುಕಾದ ಜನ, ಗಿಜಿಗಿಜಿ ಸದ್ದು, ಕಾಲಲ್ಲಿ ನೋವು. ಯಾರಿಗೇ ಆದರೂ ಗಾಬರಿ ಆಗುತ್ತೆ ಅಲ್ವಾ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತೆ. ಅಕ್ಕ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿದರು, ಮಿಷಿನ್ ಕಿವಿಗಿಟ್ಟರು. ಅವ್ವ ಅವರ ಮುಖ ನೋಡಿ, "ನೀನ್ಯಾರವ್ವ?" ಅಂದರು. ಆ ರಾತ್ರಿ ಅವ್ವ ಆಡಿದ ಮೊದಲ ಸರಿಯಾದ ಪ್ರಶ್ನೆ ಅದು.

ಆದರೂ ಪೂರ್ತಿ ಸಮಾಧಾನ ಆಗಿರಲಿಲ್ಲ. ಹೊಟ್ಟೆ ಹೊಟ್ಟೆ ಅನ್ನುತ್ತಿದ್ದರು, ಎದ್ದು ಕೂರೋಕೆ ನೋಡುತ್ತಿದ್ದರು. ಯೂರಿನ್ ಬ್ಯಾಗ್ ವಿಷಯ ಬಂದದ್ದು ಆಗ. ಹತ್ತು ಗಂಟೆಗೆ ಬ್ಯಾಗ್ ಖಾಲಿ ಮಾಡಿ ಅಳೆದು ಸಿಸ್ಟರ್‌ಗೆ ಲೆಕ್ಕ ಹೇಳಿದ್ದು ಅಕ್ಕನೇ. ಈಗ ಹತ್ತಿರ ಹತ್ತಿರ ಒಂದು ಗಂಟೆ. ಬ್ಯಾಗಿನ ತಳದಲ್ಲಿ ಎರಡು ಚಮಚದಷ್ಟು ಇತ್ತು. ಅವ್ವನ ತೂಕ 52 ಕೆ.ಜಿ., ಆ ತೂಕಕ್ಕೆ ಗಂಟೆಗೆ ಕಮ್ಮಿ ಅಂದರೂ 25 ಎಂಎಲ್ ಬರಬೇಕು. ಮೂರು ಗಂಟೆಗೆ 75, ಅದೂ ಡ್ರಿಪ್ ಓಡುತ್ತಿರುವಾಗ ಇನ್ನೂ ಜಾಸ್ತಿ. ಈ ಲೆಕ್ಕ ನನಗೆ ಆಮೇಲೆ ಡಾಕ್ಟರ್ ಹೇಳಿದ್ದು. ಅಕ್ಕನಿಗೆ ಲೆಕ್ಕ ಬೇಕಿರಲಿಲ್ಲ. "ಅಷ್ಟು ನೀರು ಒಳಕ್ಕೆ ಹೋಯ್ತಾ ಅದೆ, ಆಚೆಗೆ ಬರ್ತಾ ಇಲ್ಲ ಅಂದ್ರೆ ಎಲ್ಲೋ ನಿಂತದೆ" ಅಂದರು.

ಹೊದಿಕೆ ಎತ್ತಿ, ಟಾರ್ಚ್ ಹಿಡಿದು, ಬ್ಯಾಗಿನಿಂದ ಮೇಲಕ್ಕೆ ಟ್ಯೂಬಿನ ಮೇಲೆ ಬೆರಳು ಓಡಿಸುತ್ತಾ ಹೋದರು. ಅವ್ವ ಒದ್ದಾಡಿದಾಗ ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿ, ಮಂಡಿ ದಿಂಬಿನ ಅಂಚಿನಲ್ಲಿ ಮಡಿಚಿಕೊಂಡಿತ್ತು. ತಾವೇ ಎಳೆಯಲಿಲ್ಲ. ಸಿಸ್ಟರನ್ನು ಕರೆದು ತೋರಿಸಿದರು. ಸಿಸ್ಟರ್ ಬಂದು ಕಿಬ್ಬೊಟ್ಟೆ ಮುಟ್ಟಿ ನೋಡಿದರು, ಉಬ್ಬಿ ಗಟ್ಟಿಯಾಗಿತ್ತು. ಇಬ್ಬರೂ ಸೇರಿ ಕಾಲು ಎತ್ತಿ ಟ್ಯೂಬ್ ಬಿಡಿಸಿ, ತೊಡೆಯ ಮೇಲಿನಿಂದ ತಂದು ಪ್ಲಾಸ್ಟರ್ ಹಾಕಿದರು. ಬ್ಯಾಗಿಗೆ ನೀರು ಸುರಿಯೋ ಸದ್ದು ನನಗೆ ಬಾಗಿಲಿಗೇ ಕೇಳಿಸಿತು. ಸಿಸ್ಟರ್ ಚಾರ್ಟಿನಲ್ಲಿ ಬರೆದದ್ದು 450 ಎಂಎಲ್.

ಅವ್ವ ಒಂದು ದೊಡ್ಡ ಉಸಿರು ಬಿಟ್ಟರು. ಕಾಲು ಗಂಟೆಯಲ್ಲಿ ಟವಲ್ ಕೈಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಕೈ ಕಟ್ಟಿ, ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರೆ ಏನಾಗುತ್ತಿತ್ತು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಅವ್ವ ಸುಮ್ಮನಾಗುತ್ತಿದ್ದರು. ಬ್ಯಾಗ್ ಖಾಲಿ ಇರೋದು ಬೆಳಿಗ್ಗೆ ಆರಕ್ಕೆ ಕಾಣುತ್ತಿತ್ತೋ ಏನೋ. ಅಷ್ಟು ಹೊತ್ತು ತುಂಬಿದ ಹೊಟ್ಟೆ ಇಟ್ಟುಕೊಂಡು, ಕಟ್ಟಿದ ಕೈಯಲ್ಲಿ, ಹೇಳೋಕೂ ಆಗದೆ ಮಲಗಿರುತ್ತಿದ್ದರು. ಟ್ಯೂಬ್ ಸರಿಯಾದ ತಕ್ಷಣ ಎಲ್ಲ ಗುಣವಾಯಿತು ಅಂತ ನಾನು ಹೇಳುತ್ತಿಲ್ಲ. ಮಾರನೇ ದಿನ ರಕ್ತ ಪರೀಕ್ಷೆ ಮಾಡಿದರು, ನೋವಿನ ಔಷಧಿ ಬದಲಿಸಿದರು, ಇನ್ನೂ ಎರಡು ರಾತ್ರಿ ಅವ್ವ ಅಲ್ಲೊಂದು ಇಲ್ಲೊಂದು ತಪ್ಪು ಮಾತಾಡಿದರು. ಆದರೆ ಅಂಥ ರಾತ್ರಿ ಮತ್ತೆ ಬರಲಿಲ್ಲ.

ಮೂರು ಗಂಟೆಗೆ ಮತ್ತೆ ಮಗ್ಗುಲು ಬದಲಿಸಿದರು, ಐದಕ್ಕೆ ಇನ್ನೊಮ್ಮೆ. ಮಧ್ಯೆ ಉಳಿದ ಮಂಚಗಳಿಗೂ ಅವರೇ. ಹತ್ತನೇ ಮಂಚದ ಹೆಂಗಸು ವಾಂತಿ ಮಾಡಿಕೊಂಡರು, ಯಾರೋ ನೀರು ಕೇಳಿದರು, ಯಾರೋ ಬೆಡ್‌ಪ್ಯಾನ್ ಕೇಳಿದರು. ಪ್ರತಿ ಸಲ ಹೋಗಿ ಬರುವಾಗಲೂ ಅವ್ವನ ಹೊದಿಕೆಯನ್ನು ಕಾಲಿನ ಕಡೆ ಎತ್ತಿ ಟ್ಯೂಬ್ ನೋಡಿ ಹೋಗುತ್ತಿದ್ದರು. ನಾನು ಎಣಿಸಿದೆ. ಬೆಳಗಾಗೋವರೆಗೆ ಒಂಬತ್ತು ಸಲ.

ಬೆಳಿಗ್ಗೆ ಏಳೂವರೆಗೆ ಡ್ಯೂಟಿ ಮುಗಿಯೋ ಹೊತ್ತಿಗೆ ನಾನು ಅವರ ಹತ್ತಿರ ಹೋದೆ. ಐನೂರರ ನೋಟು ಮಡಿಚಿ ಕೈಯಲ್ಲಿಟ್ಟುಕೊಂಡಿದ್ದೆ. ಅಕ್ಕ, ನಿಮ್ಮ ಮನಸ್ಸು ದೊಡ್ಡದು, ದೇವರ ಹಾಗೆ ಬಂದಿರಿ ಅಂತ ಏನೇನೋ ಅಂದೆ. ಅವರು ಮುಜುಗರಪಟ್ಟುಕೊಂಡರು. ದೇವರ ಮಾತಿಗೆ ಯಾರು ಏನು ಉತ್ತರ ಕೊಡೋಕಾಗುತ್ತೆ. ನೋಟು ನೋಡಿ ತಲೆ ಅಲ್ಲಾಡಿಸಿದರು.

"ದುಡ್ಡು ಬೇಡ ಸಾರ್. ಡಿಸ್ಚಾರ್ಜ್ ಆಗೋವಾಗ ನಿಮ್ಮ ದಿಂಬು ಬಿಟ್ಟೋಗಿ. ಇಲ್ಲಿ ಸಾಲದು. ಕಾಲಡಿಗೆ ಕೊಡೋಕೆ ನಾನು ಹೊದ್ದಿಕೆ ಸುತ್ತಿ ಸುತ್ತಿ ಇಡ್ತೀನಿ, ಅದು ನಿಲ್ಲಲ್ಲ, ಜಾರ್ತದೆ."

ಆವತ್ತು ಸರಿಯಾಗಿ ಹೇಳೋಕಾಗದ ಮಾತನ್ನು ಈಗ ಹೇಳುತ್ತೇನೆ. ಅಕ್ಕ, ಎಳೆಯದೆ ಎತ್ತಿದ್ದಕ್ಕೆ ಥ್ಯಾಂಕ್ಸ್. ಆ ಕೆಂಪು ಮಚ್ಚೆಯನ್ನು ಒತ್ತಿ ನೋಡಿದ್ದಕ್ಕೆ, ಹಿಮ್ಮಡಿ ಕೆಳಗೆ ಅಂಗೈ ತೂರಿಸಿ ನೋಡಿದ್ದಕ್ಕೆ. ಹಸ ಯಾವ ಬಣ್ಣ ಅಂತ ಕೇಳಿದ್ದಕ್ಕೆ. ಕನ್ನಡಕ ಎಲ್ಲಿ ಅಂತ ನನ್ನನ್ನು ಕೇಳಿದ್ದಕ್ಕೆ, ಕೇಳಿದಾಗ ಒಂದು ಬೈಗುಳವೂ ಆಡದೆ ಇದ್ದದ್ದಕ್ಕೆ. ಟ್ಯೂಬನ್ನು ನೀವೇ ಎಳೆಯದೆ ಸಿಸ್ಟರನ್ನು ಕರೆದದ್ದಕ್ಕೆ. ಎಲ್ಲಕ್ಕಿಂತ ಜಾಸ್ತಿ, ನಿಮಗಿಂತ ಮೇಲಿನವರ ಮುಂದೆ ನಿಂತು ಅರ್ಧ ಗಂಟೆ ಕೊಡಿ ಅಂತ ಕೇಳಿದ್ದಕ್ಕೆ. ಅವ್ವನಿಗೆ ಏನಾದರೂ ಆಗಿದ್ದರೆ ಆ ಅರ್ಧ ಗಂಟೆ ನಿಮ್ಮ ತಲೆ ಮೇಲೆ ಬರುತ್ತಿತ್ತು, ಏಜೆನ್ಸಿ ಕೆಲಸ ಒಂದು ಫೋನಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತು.

ಆರು ವಾರದ ಚೆಕಪ್ ದಿನ ಡಾಕ್ಟರ್ ಅವ್ವನನ್ನು ನಡೆಸಿ ನೋಡಿ, ಇನ್ನು ಸ್ವಲ್ಪ ದಿನ ವಾಕರ್ ಇರಲಿ, ತಗ್ಗಿನ ಸ್ಟೂಲ್ ಮೇಲೆ ಕೂರಬೇಡಿ ಅಂದರು. ಹೊರಟಾಗ ಸಂಜೆ ಆಗಿತ್ತು. ಎಂಟರವರೆಗೆ ಕಾಯೋಣ ಅಂದೆ. ಹೊಸ ದಿಂಬು ಆರು ತಂದಿದ್ದೆ, ಒರೆಸಿದರೆ ಸ್ವಚ್ಛ ಆಗೋ ರೆಕ್ಸಿನ್ ಕವರ್ ಹಾಕಿಸಿದ್ದು. ಅವ್ವ ಯಾರನ್ನು ನೋಡೋಕೆ ಅಂತ ಎರಡು ಸಲ ಕೇಳಿದರು. ಆ ರಾತ್ರಿ ಅವರಿಗೆ ಒಂದಿಷ್ಟೂ ನೆನಪಿಲ್ಲ.

ಅಕ್ಕ ಬಂದರು. ದಿಂಬುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎರಡನ್ನು ಕಂಕುಳಲ್ಲಿಟ್ಟುಕೊಂಡು ಆಗಲೇ ಒಳಗೆ ಹೊರಟರು. ಯಾರಿಗೋ ಬೇಕಿತ್ತು ಅಂತ ಕಾಣುತ್ತೆ. ಬಾಗಿಲ ಹತ್ತಿರ ತಿರುಗಿ ಅವ್ವನನ್ನು ನೋಡಿ ನಕ್ಕರು.

"ಅವ್ವ, ಹಸ ಕಟ್ಟಾಯ್ತಾ?"

ಅವ್ವ ವಾಕರ್ ಹಿಡಿದುಕೊಂಡೇ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು. "ನಮ್ಮನೇಲಿ ಹಸ ಇತ್ತು ಅಂತ ಆಯಮ್ಮಂಗೆ ಯಾರ್ಲಾ ಹೇಳುದ್ರು?"